ಪ್ರಾಜೆಕ್ಟ್ ಒಂದೇ, ಪರಿಚಯ ಒಂದೂವರೆ ನಿಮಿಷ

ಏಳನೇ ಸೆಮಿಸ್ಟರ್ ಶುರುವಾಯಿತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್ ಮುಂದೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಫೈಲು ಹಿಡಿದು ನಿಂತವರ ಸಾಲು ಕಾಣುತ್ತದೆ. ಆಪ್ಟಿಟ್ಯೂಡ್ ಪರೀಕ್ಷೆ ಪಾಸಾಗಿ ಟೆಕ್ನಿಕಲ್ ರೌಂಡಿಗೆ ಕಾದವರು ಅವರು. ಒಳಗೆ ಹೋದ ಕೂಡಲೇ ಏನು ಕೇಳುತ್ತಾರೆಂಬುದು ಸಾಲಿನಲ್ಲಿರುವ ಎಲ್ಲರಿಗೂ ಗೊತ್ತು: ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.’ ಪ್ರಶ್ನೆ ಮೊದಲೇ ಗೊತ್ತಿದ್ದರೂ ಉತ್ತರ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಬಹುಪಾಲು ಹುಡುಗರ ಉತ್ತರ ಒಂದೇ ಅಚ್ಚಿನದು. ಹೆಸರು, ಊರು, ಅಪ್ಪ ಏನು ಮಾಡುತ್ತಾರೆ, ಅಮ್ಮ ಗೃಹಿಣಿ, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು, ಪಿಯುಸಿಯಲ್ಲಿ ಇಷ್ಟು, ಈಗಿನ ಸಿಜಿಪಿಎ ಇಷ್ಟು. ನಾನು ಹಾರ್ಡ್ ವರ್ಕರ್, ಕ್ವಿಕ್ ಲರ್ನರ್. ಹವ್ಯಾಸ ಹಾಡು ಕೇಳುವುದು, ಕ್ರಿಕೆಟ್ ಆಡುವುದು. ಇದರಲ್ಲಿ ಸುಳ್ಳೇನೂ ಇಲ್ಲ, ಅಪ್ಪ ಅಮ್ಮನ ಹೆಸರು ಹೇಳುವುದು ಅವಮಾನದ ಮಾತೂ ಅಲ್ಲ. ತೊಂದರೆ ಬೇರೆ ಕಡೆ ಇದೆ. ಈ ಉತ್ತರ ಕೇಳಿದವರಿಗೆ ಮುಂದೇನು ಕೇಳಬೇಕೆಂದು ಹೊಳೆಯುವುದಿಲ್ಲ. ಹೊಳೆಯದಿದ್ದಾಗ ಅವರು ತಮ್ಮ ಮನಸ್ಸಿನಲ್ಲಿರುವ ಪಟ್ಟಿ ತೆಗೆಯುತ್ತಾರೆ: ಪಾಲಿಮಾರ್ಫಿಸಂ ಅಂದರೇನು, ಡೆಡ್‌ಲಾಕ್‌ಗೆ ಯಾವ ಯಾವ ಕಂಡೀಷನ್ ಬೇಕು, ಲಿಂಕ್ಡ್ ಲಿಸ್ಟ್ ತಿರುಗಿಸಿ ಬರೆಯಿರಿ. ನಾಲ್ಕು ವರ್ಷದ ಸಿಲಬಸ್ಸಿನಲ್ಲಿ ಯಾವ ಪುಟ ತೆರೆದುಕೊಳ್ಳುತ್ತದೋ ಯಾರಿಗೆ ಗೊತ್ತು.

ಮೇಜಿನ ಆಚೆ ಬದಿಯಲ್ಲಿ ಆ ಹೊತ್ತಿನಲ್ಲಿ ಏನು ನಡೆಯುತ್ತಿರುತ್ತದೆ ಎನ್ನುವುದನ್ನು ತಿಳಿದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಕ್ಯಾಂಪಸ್ಸಿಗೆ ಬರುವ ಪ್ಯಾನೆಲ್ಲಿನವರು ಹೆಚ್ಚಾಗಿ ಅದೇ ಕಂಪನಿಯಲ್ಲಿ ಕೋಡ್ ಬರೆಯುವ ಎಂಜಿನಿಯರುಗಳು ಅಥವಾ ಟೀಂ ಲೀಡ್‌ಗಳು. ಒಬ್ಬೊಬ್ಬರಿಗೆ ಹದಿನೈದಿಪ್ಪತ್ತು ನಿಮಿಷದಂತೆ ಬೆಳಗಿನಿಂದ ಸಂಜೆವರೆಗೆ ನೋಡುತ್ತ ಕೂರುತ್ತಾರೆ. ನಿಮ್ಮ ರೆಸ್ಯೂಮೆ ಅವರ ಕೈಗೆ ಬರುವುದು ಬಹುಸಲ ನೀವು ಕುರ್ಚಿಯಲ್ಲಿ ಕೂತ ಹೊತ್ತಿಗೇ. ‘ನಿಮ್ಮ ಬಗ್ಗೆ ಹೇಳಿ’ ಎಂದು ಅವರು ಕೇಳುವುದಕ್ಕೆ ಅರ್ಧ ಕಾರಣ, ನೀವು ಮಾತಾಡುವಷ್ಟರಲ್ಲಿ ಅದರ ಮೇಲೆ ಕಣ್ಣಾಡಿಸಲು ಸಮಯ ಸಿಗುತ್ತದೆ ಎಂಬುದು. ಹಾಗಾಗಿ ಕಾಗದದಲ್ಲಿ ಅಚ್ಚಾಗಿರುವ ಪರ್ಸೆಂಟೇಜನ್ನೇ ನೀವು ಓದಿ ಹೇಳಿದರೆ ಅವರ ಕಿವಿಗೆ ಹೊಸದೇನೂ ಬೀಳುವುದಿಲ್ಲ. ಅದರ ಬದಲು ಕಾಗದದಲ್ಲಿ ಒಂದೇ ಸಾಲಾಗಿರುವ ಯಾವುದೋ ಸಂಗತಿಗೆ ನಿಮ್ಮ ಬಾಯಲ್ಲಿ ಜೀವ ಬಂದರೆ ಅವರ ಪೆನ್ನು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಮುಂದಿನ ಹತ್ತು ನಿಮಿಷದ ಮಾತು ಎಲ್ಲಿಂದ ಶುರುವಾಗಬೇಕೆಂದು ಅಭ್ಯರ್ಥಿಯೇ ತೀರ್ಮಾನಿಸಬಹುದಾದ ಜಾಗ ಇಡೀ ಇಂಟರ್‌ವ್ಯೂನಲ್ಲಿ ಇದೊಂದೇ.

ಐದಾರು ಪ್ರಾಜೆಕ್ಟ್ ಮಾಡಿದವರಿಗೆ ಇದು ಸುಲಭವಿರಬಹುದು. ಒಂದೇ ಒಂದು ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಇರುವವರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಅವರಿಗೂ ಕೆಲಸ ಅಷ್ಟೇ ಸುಲಭ, ಆ ಒಂದನ್ನು ನಿಜವಾಗಿ ತಾವೇ ಮಾಡಿದ್ದರೆ.

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಹಳ್ಳಿಯವಳು, ವಿಟಿಯುಗೆ ಸೇರಿದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ಸಿಜಿಪಿಎ ಏಳೂಕಾಲು. ಮೇಜರ್ ಪ್ರಾಜೆಕ್ಟ್‌ಗೆ ಸಿನಾಪ್ಸಿಸ್ ಕೊಟ್ಟಿದ್ದಾರೆ, ಕೆಲಸ ಇನ್ನೂ ಶುರುವಾಗಿಲ್ಲ. ಇಂಟರ್ನ್‌ಶಿಪ್ ಎಂದರೆ ಒಂದು ತರಬೇತಿ ಸಂಸ್ಥೆಯಲ್ಲಿ ನಾಲ್ಕು ವಾರ ಪೈಥಾನ್ ಕಲಿತದ್ದು. ಉಳಿದದ್ದು ಇನ್ನೊಬ್ಬಳ ಜೊತೆ ಸೇರಿ ಮಾಡಿದ ‘ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಂ’. ಲೈಬ್ರರಿ, ಹಾಸ್ಪಿಟಲ್, ಹಾಸ್ಟೆಲ್, ಈ ಮೂರರಲ್ಲಿ ಒಂದನ್ನು ಮಾಡದ ಬ್ಯಾಚೇ ಇಲ್ಲವೇನೋ. ಪ್ಯಾನೆಲ್ಲಿನವರು ಆ ಹೆಸರನ್ನು ಅವತ್ತೇ ಎಷ್ಟು ಸಲ ಕೇಳಿರುತ್ತಾರೋ. ಅವಳ ಮೊದಲ ಕರಡಿನಲ್ಲಿ ಈ ಪ್ರಾಜೆಕ್ಟಿಗೆ ಸಿಕ್ಕಿದ್ದು ಒಂದು ವಾಕ್ಯ: ‘ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಬಳಸಿ ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಂ ಮಾಡಿದ್ದೇನೆ.’

ಈ ವಾಕ್ಯವನ್ನು ಅಲಂಕರಿಸಿ ಪ್ರಯೋಜನವಿಲ್ಲ, ಅಗೆದು ನೋಡಬೇಕು. ಹಾಸ್ಟೆಲ್ಲಿನ ಯಾವ ಕೆಲಸಕ್ಕೆ ಅದು? ಮೆಸ್ ಬಿಲ್ಲಿಗೆ. ಅವರದು ಡಿವೈಡಿಂಗ್ ಸಿಸ್ಟಂ ಮೆಸ್. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸಿ ದಿನದ ದರ ತೆಗೆಯುತ್ತಾರೆ. ಯಾರು ಎಷ್ಟು ದಿನ ಉಂಡರೋ ಅಷ್ಟು ಕಟ್ಟುತ್ತಾರೆ. ಖರ್ಚು 2,70,000 ರೂಪಾಯಿ, ಉಂಡ ದಿನಗಳು 2,250 ಆದರೆ ದಿನಕ್ಕೆ 120 ರೂಪಾಯಿ. ಜೊತೆಗಾರ್ತಿ ಫಾರಂಗಳನ್ನು ಮಾಡಿದ್ದಳು, ಇವಳು ಟೇಬಲ್‌ಗಳನ್ನೂ ಬಿಲ್ಲಿನ ಲೆಕ್ಕವನ್ನೂ ಮಾಡಿದ್ದಳು.

ಎಲ್ಲಾದರೂ ತಪ್ಪು ಬಂದಿತ್ತಾ? ಬಂದಿತ್ತು. 31 ದಿನಗಳ ತಿಂಗಳಲ್ಲಿ ಕೆಲವರ ಹಾಜರಿ 32 ಎಂದು ತೋರಿಸಿತ್ತು. ಮೆಸ್ ಸೆಕ್ರೆಟರಿ ಒಂದು ದಿನ ಹಾಜರಿ ತುಂಬಿ ಸೇವ್ ಬಟನ್ ಒತ್ತಿದಾಗ ಪೇಜು ನಿಧಾನವಾಯಿತೆಂದು ಮತ್ತೊಮ್ಮೆ ಒತ್ತಿದ್ದಳು. ಅಂದು ಊಟಕ್ಕಿದ್ದ 75 ಜನರ ಹೆಸರೂ ಎರಡೆರಡು ಸಲ ದಾಖಲಾಯಿತು. ಇಲ್ಲಿನ ಸ್ವಾರಸ್ಯ ನೋಡಿ: ಉಂಡ ದಿನಗಳು 2,325 ಆದವು, ದಿನದ ದರ 116 ರೂಪಾಯಿ ಚಿಲ್ಲರೆಗೆ ಇಳಿಯಿತು, ಆದರೆ ಎಲ್ಲರ ಬಿಲ್ಲು ಕೂಡಿದರೆ ಅದೇ 2,70,000. ಒಟ್ಟು ತಾಳೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಂದು ಊರಿಗೆ ಹೋಗಿದ್ದು ತಿಂಗಳಲ್ಲಿ 20 ದಿನ ಮಾತ್ರ ಉಂಡವಳಿಗೆ ಸುಮಾರು 77 ರೂಪಾಯಿ ಕಡಿಮೆ ಬಂದಿತ್ತು, ಅಂದು ಮೆಸ್ಸಿನಲ್ಲಿದ್ದು 26 ದಿನ ಉಂಡವಳಿಗೆ 15 ರೂಪಾಯಿ ಹೆಚ್ಚು. ಆ 32 ಎಂಬ ಅಂಕಿ ಕಣ್ಣಿಗೆ ಬೀಳದಿದ್ದರೆ ತಪ್ಪು ಹಾಗೇ ಉಳಿದುಬಿಡುತ್ತಿತ್ತು. ಇವಳು ಎರಡು ಸಲ ಬಂದ ಸಾಲುಗಳನ್ನು ಹುಡುಕಿ ಅಳಿಸಿ, ಒಬ್ಬರ ಹೆಸರು ಒಂದು ದಿನಕ್ಕೆ ಒಂದೇ ಸಲ ಸೇರುವಂತೆ ಟೇಬಲ್ಲಿಗೆ ಕಟ್ಟುಪಾಡು ಹಾಕಿದಳು.

ಹೇಳಲು ಏನೂ ಇಲ್ಲ ಎಂದು ಕೈಚೆಲ್ಲಿ ಕೂತವಳ ಬಳಿ ಇಷ್ಟೆಲ್ಲ ಇತ್ತು. ಅವಳು ಇದನ್ನು ಹೇಳದೆ ಬಿಟ್ಟದ್ದಕ್ಕೆ ಕಾರಣ, ತಪ್ಪು ಬಂದದ್ದನ್ನು ಇಂಟರ್‌ವ್ಯೂನಲ್ಲಿ ಹೇಳಬಾರದು ಎಂದುಕೊಂಡದ್ದು. ಹೇಳಬೇಕಾದದ್ದು ಅದನ್ನೇ. ಕೋಡ್ ಬರೆಯುವವರ ದಿನದ ಬಹುಪಾಲು ಹೋಗುವುದು ಇಂಥ 32ಗಳ ಹಿಂದೆ. ಅವಳ ಪರಿಚಯ ಈಗ ಹೀಗಾಗಬಹುದು. ಹೇಳುವುದು ಇಂಗ್ಲಿಷಿನಲ್ಲಿ ಇರಬಹುದು, ಇಲ್ಲಿ ತಿರುಳನ್ನು ಕನ್ನಡದಲ್ಲೇ ಕೊಡುತ್ತೇನೆ.

‘ಗುಡ್ ಮಾರ್ನಿಂಗ್ ಸರ್. ನಾನು ಕಂಪ್ಯೂಟರ್ ಸೈನ್ಸ್ ಏಳನೇ ಸೆಮಿಸ್ಟರ್‌ನಲ್ಲಿದ್ದೇನೆ, ಊರು ಹಾವೇರಿ ಜಿಲ್ಲೆ. ನಾನು ಹೆಚ್ಚು ಸಮಯ ಕೊಟ್ಟು ಕಲಿತ ವಿಷಯ ಡೇಟಾಬೇಸ್. ಡಿಬಿಎಂಎಸ್ ಲ್ಯಾಬಿನಲ್ಲಿ ಇಬ್ಬರು ಸೇರಿ ನಮ್ಮ ಹಾಸ್ಟೆಲ್ಲಿನ ಮೆಸ್ ಬಿಲ್ ಲೆಕ್ಕ ಹಾಕುವ ಅಪ್ಲಿಕೇಷನ್ ಮಾಡಿದೆವು. ಟೇಬಲ್‌ಗಳ ವಿನ್ಯಾಸ ಮತ್ತು ಬಿಲ್ಲಿನ ಲೆಕ್ಕ ನನ್ನ ಭಾಗ. ಹಾಸ್ಟೆಲ್ಲಿನಲ್ಲಿ ಅದನ್ನು ಬಳಸಿ ನೋಡಿದಾಗ 31 ದಿನದ ತಿಂಗಳಲ್ಲಿ ಕೆಲವರ ಹಾಜರಿ 32 ಬಂತು. ಸೇವ್ ಬಟನ್ ಎರಡು ಸಲ ಒತ್ತಿದ್ದು ಕಾರಣ ಎಂದು ಗೊತ್ತಾಯಿತು. ಫಾರಂನಲ್ಲಿ ಮಾತ್ರ ತಡೆದರೆ ಸಾಲದು ಅನ್ನಿಸಿ ಡೇಟಾಬೇಸ್ ಮಟ್ಟದಲ್ಲೇ ಅದನ್ನು ಸರಿಮಾಡಿದೆ. ಪೈಥಾನ್ ನಾಲ್ಕು ವಾರದ ತರಬೇತಿಯಲ್ಲಿ ಕಲಿತಿದ್ದೇನೆ, ಸಣ್ಣ ಪ್ರೋಗ್ರಾಂಗಳನ್ನು ಬರೆಯಬಲ್ಲೆ. ಮೇಜರ್ ಪ್ರಾಜೆಕ್ಟ್ ಎಲೆಯ ಚಿತ್ರದಿಂದ ಬೆಳೆರೋಗ ಗುರುತಿಸುವುದು, ಈಗಷ್ಟೇ ಸಿನಾಪ್ಸಿಸ್ ಒಪ್ಪಿಗೆಯಾಗಿದೆ. ಡೇಟಾಬೇಸ್ ಕೆಲಸ ಹೆಚ್ಚಿರುವ ಬ್ಯಾಕೆಂಡ್ ಕಡೆ ಶುರುಮಾಡಬೇಕೆಂದು ನನ್ನ ಆಸೆ.’

ಇಂಗ್ಲಿಷಿನಲ್ಲಿ ಇದು ನೂರಾ ಐವತ್ತರಿಂದ ಇನ್ನೂರು ಪದವಾಗುತ್ತದೆ. ನಿಮಿಷಕ್ಕೆ 120ರಿಂದ 130 ಪದದಂತೆ ಆತುರವಿಲ್ಲದೆ ಹೇಳಿದರೆ ಸುಮಾರು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಎರಡು ನಿಮಿಷ ದಾಟಿದರೆ ಎದುರಿಗಿದ್ದವರ ಗಮನ ರೆಸ್ಯೂಮೆಯ ಎರಡನೇ ಪುಟಕ್ಕೆ ಜಾರಿರುತ್ತದೆ. ಇದರಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ‘ನನ್ನ ಬಳಿ ಹೆಚ್ಚು ಪ್ರಾಜೆಕ್ಟ್ ಇಲ್ಲ ಸರ್’ ಎಂಬ ಕ್ಷಮೆ ಇಲ್ಲ, ಯಾರೂ ಕೇಳದ ಲೆಕ್ಕ ಅದು. ಮೂರನೇ ಸೆಮಿಸ್ಟರಿನಲ್ಲಿ ಹೋಗಿ ಆಮೇಲೆ ಪಾಸಾದ ಬ್ಯಾಕ್‌ಲಾಗ್ ಇಲ್ಲ. ಕೇಳಿದರೆ ಮುಚ್ಚುಮರೆಯಿಲ್ಲದೆ ಎರಡು ವಾಕ್ಯದಲ್ಲಿ ಹೇಳಬೇಕು, ತಾನಾಗಿ ಎಳೆದು ತರುವ ಅಗತ್ಯವಿಲ್ಲ. ನಾಲ್ಕು ವಾರದ ತರಬೇತಿಯನ್ನು ‘ಪೈಥಾನ್ ಡೆವಲಪರ್ ಆಗಿ ಕೆಲಸ ಮಾಡಿದ ಅನುಭವ’ ಎಂದು ಉಬ್ಬಿಸಿಲ್ಲ. ಉಬ್ಬಿಸಿದ್ದರೆ ‘ಪ್ರೊಡಕ್ಷನ್‌ನಲ್ಲಿ ಏನು ಮಾಡಿದಿರಿ’ ಎಂಬ ಮುಂದಿನ ಪ್ರಶ್ನೆಗೇ ಗಾಳಿ ಹೋಗುತ್ತಿತ್ತು.

ಇಂಥ ಉತ್ತರಕ್ಕೆ ಬೆಲೆ ಬರುವುದು ಆಮೇಲಿನ ಪ್ರಶ್ನೆಗಳಲ್ಲಿ. ‘ಡೇಟಾಬೇಸ್ ಮಟ್ಟದಲ್ಲಿ ಸರಿಮಾಡಿದೆ’ ಎಂದು ಬೇಕೆಂದೇ ಅರ್ಧಕ್ಕೆ ಬಿಟ್ಟ ಮಾತು ಅದು. ಸಾಮಾನ್ಯವಾಗಿ ಮುಂದಿನ ಪ್ರಶ್ನೆ ‘ಹೇಗೆ?’ ಎಂದೇ ಬರುತ್ತದೆ, ಜೊತೆಗೆ ಒಂದು ಬಿಳಿ ಹಾಳೆಯೂ ಮುಂದೆ ಬರುತ್ತದೆ. ಎರಡು ಸಲ ಬಂದ ಸಾಲುಗಳನ್ನು ಹುಡುಕುವ ಕ್ವೆರಿ ಇಷ್ಟೇ:

```sql
SELECT usn, day, COUNT(*)
FROM attendance
GROUP BY usn, day
HAVING COUNT(*) > 1;
```

ಯುಎಸ್‌ಎನ್ ಎಂಬುದು ವಿಟಿಯು ವಿದ್ಯಾರ್ಥಿಯ ನೋಂದಣಿ ಸಂಖ್ಯೆ. ಅದೂ ದಿನಾಂಕವೂ ಒಂದೇ ಆಗಿರುವ ಸಾಲುಗಳನ್ನು ಗುಂಪು ಮಾಡಿ, ಒಂದಕ್ಕಿಂತ ಹೆಚ್ಚಿರುವ ಗುಂಪನ್ನು ಇದು ತೋರಿಸುತ್ತದೆ. ಹೆಚ್ಚಿನ ಸಾಲುಗಳನ್ನು ಅಳಿಸಿದ ಮೇಲೆ ಕಟ್ಟುಪಾಡು:

```sql
ALTER TABLE attendance
  ADD UNIQUE (usn, day);
```

ಇಲ್ಲಿಂದ ಪ್ರಶ್ನೆಗಳು ಎಲ್ಲಿಗೆ ಹೋಗಬಹುದೆಂದು ಮನೆಯಲ್ಲೇ ಕೂತು ಊಹಿಸಬಹುದು. ಅಳಿಸದೆ ನೇರವಾಗಿ ಎರಡನೆಯದನ್ನು ಓಡಿಸಿದ್ದರೆ? ಮೈಎಸ್‌ಕ್ಯುಎಲ್ 1062 ಎಂಬ ಸಂಖ್ಯೆಯ ಎರರ್ ಕೊಟ್ಟು ನಿರಾಕರಿಸುತ್ತದೆ, ಏಕೆಂದರೆ ಟೇಬಲ್ಲಿನಲ್ಲಿ ಆಗಲೇ ಜೋಡಿಗಳಿವೆ. ಪ್ರೈಮರಿ ಕೀಗೂ ಯುನೀಕ್ ಕೀಗೂ ಏನು ವ್ಯತ್ಯಾಸ? ಟೇಬಲ್ಲಿಗೆ ಪ್ರೈಮರಿ ಕೀ ಒಂದೇ, ಅದರಲ್ಲಿ ಖಾಲಿ ಬೆಲೆ ಇರುವಂತಿಲ್ಲ. ಯುನೀಕ್ ಎಷ್ಟು ಬೇಕಾದರೂ ಇರಬಹುದು, ಖಾಲಿ ಬೆಲೆಗೂ ಮೈಎಸ್‌ಕ್ಯುಎಲ್‌ನಲ್ಲಿ ಅವಕಾಶವಿದೆ. ಹಾಗಾದರೆ ಯುಎಸ್‌ಎನ್ ಖಾಲಿಯಿರುವ ಸಾಲು ಎರಡು ಸಲ ಸೇರಬಹುದಲ್ಲ? ಹೌದು, ಸೇರಬಹುದು, ಅದಕ್ಕೆ ಆ ಕಾಲಂಗೆ `NOT NULL` ಬೇಕು. ಇದೇ ಮೂರು ಪ್ರಶ್ನೆಯನ್ನು ಪಠ್ಯದಿಂದ ಕೇಳಿದ್ದರೆ ಬಾಯಿಪಾಠದ ಉತ್ತರ ಬರುತ್ತಿತ್ತು. ಈಗ ಅವಳು ತನ್ನ ಮೆಸ್ಸಿನ ಲೆಕ್ಕದ ಮೇಲೆ ನಿಂತು ಉತ್ತರಿಸುತ್ತಿದ್ದಾಳೆ. ನಾಲ್ಕನೆಯ ಪ್ರಶ್ನೆಗೆ ಗೊತ್ತಿಲ್ಲ ಎನ್ನಬೇಕಾಗಿ ಬಂದರೂ ಅಲ್ಲಿಯವರೆಗೆ ನಡೆದದ್ದು ಸುಳ್ಳಾಗುವುದಿಲ್ಲ.

ಪರಿಚಯದಲ್ಲಿ ಯಾವ ಹೆಸರನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ನಾನು ಹೇಳುವ ಅಳತೆಯೂ ಇಲ್ಲೇ ಇದೆ. ನೀವು ಬಾಯಿಂದ ತೆಗೆದ ಪ್ರತಿ ತಾಂತ್ರಿಕ ಪದಕ್ಕೂ ಒಂದರ ಹಿಂದೆ ಒಂದರಂತೆ ಮೂರು ಪ್ರಶ್ನೆ ಬಂದರೆ ನಿಲ್ಲಬಲ್ಲಿರಾ? ನಿಲ್ಲಬಲ್ಲಿರಾದರೆ ಪದ ಇರಲಿ, ಇಲ್ಲದಿದ್ದರೆ ರೆಸ್ಯೂಮೆಯಲ್ಲಿದ್ದರೂ ಬಾಯಲ್ಲಿ ಬೇಡ. ಪಟ್ಟಿ ದೊಡ್ಡದಾಗಲಿ ಎಂದು ಕ್ಲೌಡ್, ಬ್ಲಾಕ್‌ಚೈನ್, ಮಷಿನ್ ಲರ್ನಿಂಗ್ ಎಂದು ಸೇರಿಸಿದವರು ತಮಗೆ ತಾವೇ ಪ್ರಶ್ನೆಪತ್ರಿಕೆ ಬರೆದುಕೊಂಡಂತೆ. ನಮ್ಮ ವಿದ್ಯಾರ್ಥಿನಿ ಮೇಜರ್ ಪ್ರಾಜೆಕ್ಟನ್ನು ಒಂದೇ ವಾಕ್ಯದಲ್ಲಿ ದಾಟಿದ್ದು ಅದಕ್ಕೇ. ಬೆಳೆರೋಗದ ಪ್ರಾಜೆಕ್ಟ್ ಮಾಡುವ ಅನೇಕರು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹ ಬಳಸುತ್ತಾರೆ. ಅಲ್ಲಿನ ಎಲೆಗಳನ್ನು ಕಿತ್ತು ಸಾದಾ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆಯಲಾಗಿದೆ. ಅದರಲ್ಲಿ ಚೆನ್ನಾಗಿ ನಡೆದ ಮಾಡೆಲ್ ಹೊಲದ ಬಿಸಿಲಿನಲ್ಲಿ, ಹತ್ತು ಎಲೆಗಳ ನಡುವೆ ತೆಗೆದ ಫೋಟೊದಲ್ಲಿ ಎಡವುತ್ತದೆ. ಇದು ಗೊತ್ತಿಲ್ಲದೆ ‘ತೊಂಬತ್ತೆಂಟು ಪರ್ಸೆಂಟ್ ಆಕ್ಯುರೆಸಿ’ ಎಂದು ಹೆಮ್ಮೆಯಿಂದ ಹೇಳಿದವರು ಮರುಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಪ್ರಾಜೆಕ್ಟ್ ಕಡಿಮೆ ಎಂಬ ಭಯಕ್ಕೆ ಸುಲಭದ ದಾರಿಯೊಂದಿದೆ, ಅದು ದುಡ್ಡು ಕೊಟ್ಟು ಕೊಳ್ಳುವುದು ಅಥವಾ ಗಿಟ್‌ಹಬ್‌ನಿಂದ ಇಳಿಸಿಕೊಂಡು ಹೆಸರು ಬದಲಿಸುವುದು. ರಿಪೋರ್ಟಿನ ಸಮೇತ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳಿಗೆ ನಮ್ಮ ನಗರಗಳಲ್ಲಿ ಕೊರತೆಯಿಲ್ಲ. ಇದನ್ನು ಹಿಡಿಯಲು ಪ್ಯಾನೆಲ್ಲಿನವರಿಗೆ ಪತ್ತೇದಾರಿ ಬೇಕಿಲ್ಲ. ‘ಇದರಲ್ಲಿ ನಿಮ್ಮನ್ನು ಹೆಚ್ಚು ಸತಾಯಿಸಿದ್ದು ಯಾವುದು?’ ಎಂದು ಕೇಳಿದರೆ ಸಾಕು. ಕೊಂಡುಕೊಂಡವರಿಗೆ ಸತಾವಣೆಯ ನೆನಪಿರುವುದಿಲ್ಲ. ‘ಟೈಂ ಮ್ಯಾನೇಜ್‌ಮೆಂಟ್ ಸರ್’ ಎನ್ನುತ್ತಾರೆ. ಗಿಟ್‌ಹಬ್ ಕೊಂಡಿ ಕೊಟ್ಟಿದ್ದರೆ ಬದಲಾವಣೆಗಳ ದಾಖಲೆ ತೆರೆದು ನೋಡಬಹುದು. ಇಡೀ ಪ್ರಾಜೆಕ್ಟ್ ಒಂದೇ ದಿನ, ಒಂದೇ ಸಲಕ್ಕೆ ಬಂದು ಕೂತಿದ್ದರೆ ಅನುಮಾನಕ್ಕೆ ಅದೇ ಸಾಕು. ನಾಲ್ಕು ಜನರ ಗುಂಪಿನಲ್ಲಿ ಒಬ್ಬನೇ ಕೋಡ್ ಬರೆದು ಮೂವರು ಪಿಪಿಟಿ ಮಾಡಿದ ಕಥೆಯೂ ಇದಕ್ಕೆ ಹತ್ತಿರದ್ದೇ. ಪಿಪಿಟಿ ಮಾಡಿದವರು ‘ನಾವು ಮಾಡಿದೆವು’ ಎನ್ನುತ್ತ ಹೋಗುತ್ತಾರೆ, ಕೇಳುವವರು ‘ನೀವು?’ ಎಂದಾಗ ಮಾತು ನಿಲ್ಲುತ್ತದೆ. ನಿಮ್ಮ ಪಾಲು ಟೆಸ್ಟಿಂಗ್ ಮಾತ್ರವಾಗಿದ್ದರೆ ಟೆಸ್ಟಿಂಗ್ ಎಂದೇ ಹೇಳಿ. ಏನು ಕೊಟ್ಟು ನೋಡಿದಿರಿ, ಯಾವುದು ಮುರಿಯಿತು ಎಂಬುದು ನೆನಪಿದ್ದರೆ ಅದೇ ಒಳ್ಳೆಯ ಉತ್ತರ.

ಮಿನಿ ಪ್ರಾಜೆಕ್ಟೂ ಹೇಳಿಕೊಳ್ಳುವಂತಿಲ್ಲ ಎನ್ನುವವರು ಲ್ಯಾಬ್ ರೆಕಾರ್ಡ್ ತೆರೆಯಬೇಕು. ಒಂದು ಪ್ರೋಗ್ರಾಂ ಆರಿಸಿಕೊಂಡು ಮಾಮೂಲಿ ಇನ್‌ಪುಟ್ ಬಿಟ್ಟು ಬೇರೆ ಕೊಟ್ಟು ನೋಡಬೇಕು. ಉದಾಹರಣೆಗೆ, ಮೊದಲ ಅಂಶವನ್ನೇ ಪಿವಟ್ ಮಾಡುವ ಕ್ವಿಕ್‌ಸಾರ್ಟ್‌ಗೆ ಮೊದಲೇ ಕ್ರಮದಲ್ಲಿರುವ ಸಂಖ್ಯೆಗಳನ್ನು ಕೊಟ್ಟರೆ ಅದು ನಿಧಾನವಾಗುತ್ತದೆ. ಪುಸ್ತಕದಲ್ಲಿ ಓದಿದ ಮಾತೇ, ಆದರೆ ಹತ್ತು ಸಾವಿರ, ಇಪ್ಪತ್ತು ಸಾವಿರ, ನಲವತ್ತು ಸಾವಿರ ಸಂಖ್ಯೆ ಕೊಟ್ಟು ಸಮಯ ಅಳೆದವರಿಗೆ, ಇನ್‌ಪುಟ್ ಎರಡು ಪಟ್ಟಾದಾಗ ಸಮಯ ಸುಮಾರು ನಾಲ್ಕು ಪಟ್ಟಾಗುವುದು ಕಾಣುತ್ತದೆ. ಒಂದು ಸಂಜೆಯಲ್ಲಿ ಆಗುವ ಕೆಲಸ. ಇಂಟರ್‌ವ್ಯೂಗೆ ಒಂದು ವಾರ ಉಳಿದಿದೆ ಎಂದರೆ ಹೊಸ ಪ್ರಾಜೆಕ್ಟ್ ಹಿಡಿಯುವುದಕ್ಕಿಂತ ಇದು ಮೇಲು.

ಹೇಳುವ ರೀತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಪೂರ್ತಿ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಉರು ಹೊಡೆಯುತ್ತಾರೆ. ಅದು ನಡುವೆ ಯಾರಾದರೂ ತಡೆಯುವವರೆಗೆ ಸರಿ. ‘ಒಂದು ನಿಮಿಷ, ಯಾವ ಹಾಸ್ಟೆಲ್?’ ಎಂದು ಕೇಳಿಬಿಟ್ಟರೆ ದಾರ ಕಡಿದು, ಮತ್ತೆ ಮೊದಲಿಂದ ಶುರುಮಾಡಬೇಕಾದ ಪಾಡು. ಓದು, ಮೆಸ್ ಬಿಲ್, 32, ಸರಿಮಾಡಿದ್ದು, ಮುಂದಿನ ಆಸೆ ಎಂದು ಐದು ಮೆಟ್ಟಿಲನ್ನು ಮಾತ್ರ ನೆನಪಿಟ್ಟು, ಪ್ರತಿಸಲ ಬೇರೆ ಬೇರೆ ವಾಕ್ಯದಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ವಾಕ್ಯ ಚಿಕ್ಕದಿರಲಿ. ವ್ಯಾಕರಣದ ಸಣ್ಣ ತಪ್ಪಿಗೆ ಟೆಕ್ನಿಕಲ್ ಪ್ಯಾನೆಲ್ ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳುವುದಿಲ್ಲ, ಅರ್ಥವಾಗದೆ ಹೋದರೆ ಮಾತ್ರ ಕಷ್ಟ.

ಇದರ ಮಿತಿಯನ್ನೂ ಹೇಳಿಬಿಡಬೇಕು. ಕಂಪನಿ ಹಾಕಿದ ಪರ್ಸೆಂಟೇಜ್ ಮಿತಿಯನ್ನು, ಆಪ್ಟಿಟ್ಯೂಡ್ ಪರೀಕ್ಷೆಯನ್ನು ಎಂಥ ಪರಿಚಯವೂ ದಾಟಿಸುವುದಿಲ್ಲ. ಕೋಡಿಂಗ್ ಪ್ರಶ್ನೆಗಳಿಂದಲೇ ಆರಿಸುವ ಪ್ರಾಡಕ್ಟ್ ಕಂಪನಿಗಳಲ್ಲಿ ಕೆಲವರು ಪರಿಚಯವನ್ನು ಅರ್ಧಕ್ಕೇ ನಿಲ್ಲಿಸಿ ನೇರವಾಗಿ ಪ್ರಾಬ್ಲಂ ಕೊಡುತ್ತಾರೆ. ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ಸರ್ವೀಸ್ ಕಂಪನಿಗಳಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಮಾತುಕತೆ ಬಹುಮಟ್ಟಿಗೆ ರೆಸ್ಯೂಮೆಯ ಸುತ್ತಲೇ ನಡೆಯುತ್ತದೆ.

ಟೆಕ್ನಿಕಲ್ ರೌಂಡ್ ದಾಟಿದರೆ ಎಚ್‌ಆರ್ ಕೋಣೆಯಲ್ಲಿ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಅಲ್ಲಿ ಯುನೀಕ್ ಕೀ ಬೇಡ. ಅವರಿಗೆ ತಿಳಿಯಬೇಕಾದದ್ದು ಈ ಹುಡುಗಿ ಕೆಲಸಕ್ಕೆ ಸೇರುತ್ತಾಳಾ, ಪುಣೆಗೋ ಚೆನ್ನೈಗೋ ಹಾಕಿದರೆ ಹೋಗುತ್ತಾಳಾ, ಪಾಳಿ ಕೆಲಸಕ್ಕೆ ಒಪ್ಪುತ್ತಾಳಾ ಎಂಬುದು. ಮೆಸ್ ಬಿಲ್ಲಿನ ಕಥೆ ಅಲ್ಲಿ ಒಂದು ವಾಕ್ಯಕ್ಕೆ ಇಳಿಯಲಿ: ತಪ್ಪು ಗೊತ್ತಾದ ಮೇಲೆ ಹೆಚ್ಚು ಕಟ್ಟಿದವರ ಲೆಕ್ಕವನ್ನು ಸೆಕ್ರೆಟರಿ ಜೊತೆ ಕೂತು ಮುಂದಿನ ತಿಂಗಳ ಬಿಲ್ಲಿನಲ್ಲಿ ಸರಿಹೊಂದಿಸಿದೆವು ಎಂದು. ಮೊದಲ ಕರಡಿನಿಂದ ತೆಗೆದುಹಾಕಿದ ಊರು, ಮನೆ, ಓದಿಗಾಗಿ ಹಳ್ಳಿ ಬಿಟ್ಟು ಬಂದು ಹಾಸ್ಟೆಲ್ಲಿನಲ್ಲಿದ್ದದ್ದು, ಇವೆಲ್ಲ ಈ ಕೋಣೆಯಲ್ಲಿ ಕೆಲಸಕ್ಕೆ ಬರುತ್ತವೆ. ಬೇರೆ ಊರಿಗೆ ಹೋಗಲು ಮನೆಯಲ್ಲಿ ಒಪ್ಪಿಗೆ ಇದೆಯೇ ಎಂಬುದನ್ನು ಮಾತ್ರ ಹಿಂದಿನ ರಾತ್ರಿಯೇ ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳಿಟ್ಟುಕೊಂಡಿರಬೇಕು.